ತಿರುಗಿದ್ದು ಸ್ಥಿತಿಯೋ, ಅಳತೆಯೋ?

1.5 ಟೆಸ್ಲಾ ಎಂಆರ್‌ಐ ಯಂತ್ರದೊಳಗೆ ಮಲಗಿದವರ ಮೈಯಲ್ಲಿರುವ ನೀರಿನ ಒಂದೇ ಒಂದು ಪ್ರೋಟಾನನ್ನು ತೆಗೆದುಕೊಳ್ಳೋಣ. ಪ್ರೋಟಾನಿಗೆ ಸ್ಪಿನ್ ಎಂಬ ಗುಣವಿದೆ. ಯಂತ್ರದ ಕಾಂತಕ್ಷೇತ್ರದಲ್ಲಿ ಆ ಸ್ಪಿನ್ ಕ್ಷೇತ್ರದ ದಿಕ್ಕನ್ನೇ ಅಕ್ಷವಾಗಿಸಿಕೊಂಡು ಸೆಕೆಂಡಿಗೆ ಸುಮಾರು 6.4 ಕೋಟಿ ಸುತ್ತು ಹಾಕುತ್ತದೆ. ಒಂದು ಸುತ್ತಿಗೆ ಹಿಡಿಯುವ ಕಾಲ ಸುಮಾರು 15.7 ನ್ಯಾನೊಸೆಕೆಂಡು. ಇದೇ ಸುತ್ತಾಟವನ್ನು ಕ್ವಾಂಟಂ ಸಿದ್ಧಾಂತ ಎರಡು ಬಗೆಯಲ್ಲಿ ಬರೆಯುತ್ತದೆ. ಒಂದರಲ್ಲಿ ಪ್ರೋಟಾನಿನ ಸ್ಥಿತಿ ತಿರುಗುತ್ತದೆ. ಇನ್ನೊಂದರಲ್ಲಿ ಸ್ಥಿತಿ ಇದ್ದಲ್ಲೇ ಇರುತ್ತದೆ, ‘ಸ್ಪಿನ್ ಎಷ್ಟು’ ಎಂದು ಕೇಳುವ ಆಪರೇಟರ್ ತಿರುಗುತ್ತದೆ. ಮೊದಲನೆಯದಕ್ಕೆ ಶ್ರೋಡಿಂಗರ್ ಚಿತ್ರ, ಎರಡನೆಯದಕ್ಕೆ ಹೈಸನ್‌ಬರ್ಗ್ ಚಿತ್ರ ಎಂದು ಹೆಸರು. ಹೈಸನ್‌ಬರ್ಗರ ದಾರಿ 1925ರಲ್ಲಿ ತೆರೆಯಿತು, ಶ್ರೋಡಿಂಗರರ ದಾರಿ 1926ರಲ್ಲಿ. ಎರಡೂ ಒಂದೇ ಊರಿಗೆ ಹೋಗುತ್ತವೆ ಎಂಬುದನ್ನು ಶ್ರೋಡಿಂಗರರೇ ಆ ವರ್ಷ ತೋರಿಸಿದರು.

ಇದು ಸಾಧ್ಯವಾಗುವುದು ಹೇಗೆ? ಪ್ರಯೋಗಶಾಲೆಯಲ್ಲಿ ನಮ್ಮ ಕೈಗೆ ಸಿಗುವುದು ಸ್ಥಿತಿಯೂ ಅಲ್ಲ, ಆಪರೇಟರೂ ಅಲ್ಲ. ಎರಡನ್ನೂ ಕೂಡಿಸಿದಾಗ ಬರುವ ಸಂಖ್ಯೆ, ಅಂದರೆ ಅಳತೆಯ ಸರಾಸರಿ. ಆರಂಭದ ಸ್ಥಿತಿ ψ, ಅಳೆಯುವ ಆಪರೇಟರ್ A, ಕಾಲವನ್ನು ಮುಂದೆ ಸರಿಸುವ ಗಣಿತಕ್ರಿಯೆ U ಎಂದಿಟ್ಟುಕೊಂಡರೆ ಆ ಸರಾಸರಿ ಹೀಗಿರುತ್ತದೆ:

⟨ψ| U† A U |ψ⟩

ಮಧ್ಯದ U ಅನ್ನು ಬಲಗಡೆಯ ψಗೂ U† ಅನ್ನು ಎಡಗಡೆಯ ψಗೂ ಅಂಟಿಸಿದರೆ ಸ್ಥಿತಿ ಬದಲಾಗಿದೆ ಎಂದು ಓದಬಹುದು. ಎರಡನ್ನೂ A ಜೊತೆಗೇ ಸೇರಿಸಿ U†AU ಎಂದು ಹಿಡಿದರೆ ಆಪರೇಟರ್ ಬದಲಾಗಿದೆ ಎಂದು ಓದಬಹುದು. ಬರೆದ ಸಾಲು ಒಂದೇ. ಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುಗಿಸಿದರೂ, ಮುಳ್ಳನ್ನು ಹಿಡಿದಿಟ್ಟು ಅಂಕಿಗಳ ತಟ್ಟೆಯನ್ನು ಅಷ್ಟೇ ಹಿಂದಕ್ಕೆ ತಿರುಗಿಸಿದರೂ ಮುಳ್ಳು ತೋರಿಸುವ ಗಂಟೆ ಅದೇ ಅಲ್ಲವೇ?

ಈಗ ಪ್ರೋಟಾನಿನ ಲೆಕ್ಕವನ್ನೇ ಮಾಡಿ ನೋಡೋಣ. ಕಾಂತಕ್ಷೇತ್ರ z ದಿಕ್ಕಿನಲ್ಲಿದೆ, ಶಕ್ತಿಯ ಆಪರೇಟರ್ H = ω Sz ಎಂದಿರಲಿ. (ನಿಜವಾದ ಪ್ರೋಟಾನು ತಿರುಗುವುದು ಇದರ ವಿರುದ್ಧ ದಿಕ್ಕಿಗೆ, ಚಿಹ್ನೆಗಳು ಸರಳವಾಗಿರಲೆಂದು ಹೀಗೆ ಹಿಡಿದಿದ್ದೇನೆ.) ಆರಂಭದಲ್ಲಿ ಸ್ಪಿನ್ x ದಿಕ್ಕಿಗೆ ಮುಖಮಾಡಿದೆ. ಅಂದರೆ ಅದು z ಅಕ್ಷದ ‘ಮೇಲೆ’ ಮತ್ತು ‘ಕೆಳಗೆ’ ಎಂಬ ಎರಡು ಸ್ಥಿತಿಗಳ ಸಮಪಾಲಿನ ಬೆರಕೆ.

ಮೊದಲು ಶ್ರೋಡಿಂಗರ್ ಚಿತ್ರ. ಕಾಲ ಸರಿದಂತೆ ಬೆರಕೆಯ ಎರಡು ಪಾಲುಗಳೂ ತಮ್ಮ ತಮ್ಮ ಹಂತವನ್ನು ವಿರುದ್ಧ ದಿಕ್ಕಿಗೆ ಬದಲಿಸುತ್ತವೆ:

|ψ(t)⟩ = (e^(−iωt/2) |↑⟩ + e^(+iωt/2) |↓⟩) / √2

Sx ಮತ್ತು Sy ಆಪರೇಟರುಗಳನ್ನು ಮುಟ್ಟದೆ, ಈ ಸ್ಥಿತಿಯಲ್ಲಿ ಅವುಗಳ ಸರಾಸರಿ ತೆಗೆದರೆ ಸಿಗುವುದು ಇಷ್ಟು:

⟨Sx⟩ = (ħ/2) cos ωt
⟨Sy⟩ = (ħ/2) sin ωt

ಸ್ಥಿತಿಯಲ್ಲಿ ಇರುವುದು ಅರ್ಧ ಕೋನ, ωt/2. ಅಳತೆಯಲ್ಲಿ ಬರುವುದು ಪೂರ್ತಿ ಕೋನ. ಎರಡು ಪಾಲುಗಳ ಹಂತಗಳ ನಡುವಿನ ಅಂತರ ಮಾತ್ರ ಅಳತೆಗೆ ಸಿಗುವುದರಿಂದ ಹೀಗಾಗುತ್ತದೆ.

ಈಗ ಹೈಸನ್‌ಬರ್ಗ್ ಚಿತ್ರಕ್ಕೆ ದಾಟೋಣ. ಸ್ಥಿತಿ ಇನ್ನು ಅಲುಗುವುದಿಲ್ಲ, ಅದು x ದಿಕ್ಕಿಗೇ ನೋಡುತ್ತಿರುತ್ತದೆ. ಆಪರೇಟರ್ ಬದಲಾಗುವ ವೇಗ ತಿಳಿಯಲು H ಮತ್ತು S ಅನ್ನು ಎರಡು ಕ್ರಮಗಳಲ್ಲಿ ಗುಣಿಸಿ, ಒಂದರಿಂದ ಇನ್ನೊಂದನ್ನು ಕಳೆದು, i/ħ ದಿಂದ ಗುಣಿಸಬೇಕು. ಸ್ಪಿನ್ ಆಪರೇಟರುಗಳಿಗೆ ಇದನ್ನು ಮಾಡಿದರೆ ಎರಡು ಪುಟ್ಟ ಸಮೀಕರಣಗಳು ಸಿಗುತ್ತವೆ:

dSx/dt = −ω Sy
dSy/dt = +ω Sx

ಇವು ವೃತ್ತದಲ್ಲಿ ಸುತ್ತುವ ಬಾಣದ ಸಮೀಕರಣಗಳೇ. ಉತ್ತರವೂ ಹಾಗೆಯೇ ಇದೆ:

Sx(t) = Sx cos ωt − Sy sin ωt
Sy(t) = Sy cos ωt + Sx sin ωt

ನಮ್ಮ ಅಲುಗದ ಸ್ಥಿತಿಯಲ್ಲಿ Sx ನ ಸರಾಸರಿ ħ/2, Sy ನದು ಸೊನ್ನೆ. ಇವನ್ನು ಹಾಕಿದರೆ ಮೇಲಿನ ಎರಡು ಉತ್ತರಗಳೇ ಮತ್ತೆ ಬರುತ್ತವೆ. ನನಗೆ ಈ ದಾರಿ ಹೆಚ್ಚು ಇಷ್ಟ. Sx(t) ಬರೆಯುವಾಗ ಆರಂಭದ ಸ್ಥಿತಿ ಯಾವುದೆಂದು ಯಾರೂ ಕೇಳಲಿಲ್ಲ. ಸ್ಪಿನ್ z ದಿಕ್ಕಿಗೆ ನೋಡುತ್ತಿದ್ದರೂ, ಓರೆಯಾಗಿದ್ದರೂ ಇದೇ ಸೂತ್ರಕ್ಕೆ ಆ ಸ್ಥಿತಿಯ ಎರಡು ಸರಾಸರಿಗಳನ್ನು ಹಾಕಿದರೆ ಸಾಕು. ಶ್ರೋಡಿಂಗರ್ ದಾರಿಯಲ್ಲಾದರೆ ಪ್ರತಿ ಆರಂಭಕ್ಕೂ ಸ್ಥಿತಿಯನ್ನು ಹೊಸದಾಗಿ ಮುಂದೆ ಸರಿಸಬೇಕಿತ್ತು.

ಚಿತ್ರ ಬದಲಿಸುವಾಗ ವಿದ್ಯಾರ್ಥಿಗಳು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು, ಸ್ಥಿತಿಯನ್ನೂ ಆಪರೇಟರನ್ನೂ ಎರಡನ್ನೂ ಮುಂದೆ ಸರಿಸಿಬಿಡುವುದು. ಆಗ ಕಾಲವನ್ನು ಎರಡು ಸಲ ಎಣಿಸಿದಂತಾಗಿ, ಕೋನ ಇಮ್ಮಡಿಯಾಗುತ್ತದೆ. ಎರಡನೆಯದು, U†AU ಬರೆಯಬೇಕಾದಲ್ಲಿ UAU† ಬರೆಯುವುದು. ಆಗ ಸ್ಪಿನ್ ಹಿಮ್ಮುಖವಾಗಿ ತಿರುಗುತ್ತದೆ. ಈ ತಪ್ಪು ಸುಲಭ, ಏಕೆಂದರೆ ಸ್ಥಿತಿಯನ್ನು ಡೆನ್ಸಿಟಿ ಮ್ಯಾಟ್ರಿಕ್ಸ್ ರೂಪದಲ್ಲಿ ಬರೆದಾಗ ಅದು ಮುಂದೆ ಸರಿಯುವುದು UρU† ಎಂಬ ಕ್ರಮದಲ್ಲೇ.

ತಪ್ಪಾಗಿದೆಯೆಂದು ಗೊತ್ತಾಗುವುದು ಹೇಗೆ? ಆರನೇ ಒಂದು ಸುತ್ತು ಆದ ಗಳಿಗೆಯನ್ನು ಹಿಡಿಯಿರಿ. ಅಂದರೆ ಸುಮಾರು 2.6 ನ್ಯಾನೊಸೆಕೆಂಡು ಕಳೆದಿದೆ, ಕೋನ 60 ಡಿಗ್ರಿ. ħ/2 ಅನ್ನು ಒಂದು ಎಂದು ಎಣಿಸಿದರೆ ಸರಿಯಾದ ಉತ್ತರ x ಕಡೆ 0.5, y ಕಡೆ 0.866. ಹಿಮ್ಮುಖ ತಿರುಗಿದ ಲೆಕ್ಕದಲ್ಲೂ x ಕಡೆ 0.5 ಎಂದೇ ಬರುತ್ತದೆ, ತಪ್ಪು ಕಾಣುವುದೇ ಇಲ್ಲ. y ಕಡೆ ನೋಡಿದಾಗ ಮಾತ್ರ −0.866 ಎಂದು ಬಯಲಾಗುತ್ತದೆ. ಇಮ್ಮಡಿ ತಿರುಗಿದ ಲೆಕ್ಕದಲ್ಲಿ ಕೋನ 120 ಡಿಗ್ರಿ. ಅಲ್ಲಿ y ಕಡೆ 0.866 ಎಂದು ಸರಿಯಾಗಿಯೇ ಕಾಣುತ್ತದೆ, ತಪ್ಪು ಹೊರಬರುವುದು x ಕಡೆಯ −0.5 ರಲ್ಲಿ. ಆದ್ದರಿಂದ Sx ಒಂದನ್ನೇ ಹೊಂದಿಸಿ ನೋಡಿ ಲೆಕ್ಕ ಸರಿ ಎನ್ನಬಾರದು, ಎರಡನ್ನೂ ನೋಡಬೇಕು.

ಇಷ್ಟೆಲ್ಲ ಸಲೀಸಾದದ್ದು H ಕಾಲದೊಂದಿಗೆ ಬದಲಾಗದ ಕಾರಣ. ಎಂಆರ್‌ಐ ಯಂತ್ರ ಸುಮ್ಮನೆ ಕ್ಷೇತ್ರವನ್ನು ಹಿಡಿದುಕೊಂಡು ಕೂರುವುದಿಲ್ಲ. ಅದೇ 64 ಮೆಗಾಹರ್ಟ್ಸ್ ಸುಮಾರಿನ ರೇಡಿಯೊ ಮಿಡಿತವನ್ನೂ ಕಳಿಸುತ್ತದೆ. ಆಗ H ಪ್ರತಿ ಗಳಿಗೆಗೂ ಬೇರೆ. U ಅನ್ನು ಒಂದೇ ಘಾತದಲ್ಲಿ ಬರೆಯಲಾಗುವುದಿಲ್ಲ, ಸಣ್ಣ ಸಣ್ಣ ಹೆಜ್ಜೆಗಳನ್ನು ಕಾಲದ ಕ್ರಮದಲ್ಲೇ ಒಂದರ ಮೇಲೊಂದು ಗುಣಿಸುತ್ತಾ ಹೋಗಬೇಕು. ಒಂದು ಮಿಲಿಸೆಕೆಂಡಿನ ಮಿಡಿತ ಸ್ಪಿನ್ನನ್ನು z ದಿಕ್ಕಿನಿಂದ ಕಾಲು ಸುತ್ತು ಬಾಗಿಸುತ್ತದೆ ಎಂದುಕೊಳ್ಳಿ. ಅಷ್ಟರೊಳಗೆ ಸ್ಪಿನ್ z ಅಕ್ಷದ ಸುತ್ತ ಸುಮಾರು 64 ಸಾವಿರ ಸುತ್ತು ಹಾಕಿರುತ್ತದೆ. ನಮಗೆ ಬೇಕಾದ ಕಾಲು ಸುತ್ತು ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಇಲ್ಲಿ ನೆರವಾಗುವುದು ಎರಡು ಚಿತ್ರಗಳ ನಡುವಿನ ಮೂರನೆಯದು, ಇಂಟರಾಕ್ಷನ್ ಚಿತ್ರ. ದೊಡ್ಡ ಕ್ಷೇತ್ರದಿಂದ ಬರುವ ವೇಗದ ಸುತ್ತಾಟವನ್ನು ಹೈಸನ್‌ಬರ್ಗ್ ರೀತಿಯಲ್ಲಿ ಆಪರೇಟರುಗಳಿಗೆ ಹೊರಿಸಬೇಕು. ರೇಡಿಯೊ ಮಿಡಿತದಿಂದ ಬರುವ ನಿಧಾನದ ಬದಲಾವಣೆಯನ್ನು ಶ್ರೋಡಿಂಗರ್ ರೀತಿಯಲ್ಲಿ ಸ್ಥಿತಿಗೆ ಬಿಡಬೇಕು. ಎಂಆರ್‌ಐ ತಂತ್ರಜ್ಞರು ‘ತಿರುಗುವ ಚೌಕಟ್ಟು’ ಎನ್ನುವುದು ಇದನ್ನೇ. ಮಿಡಿತದ ಆವರ್ತನ ಸ್ಪಿನ್ನಿನದಕ್ಕೆ ಸರಿಹೊಂದಿದ್ದರೆ ಆ ಚೌಕಟ್ಟಿನಲ್ಲಿ ಮಿಡಿತದ ಒಂದು ಭಾಗ ನಿಶ್ಚಲವಾಗಿ ನಿಂತ ಕ್ಷೇತ್ರವಾಗುತ್ತದೆ. ಇನ್ನೊಂದು ಭಾಗ ಇಮ್ಮಡಿ ವೇಗದಲ್ಲಿ ವಿರುದ್ಧ ದಿಕ್ಕಿಗೆ ಸುತ್ತುತ್ತದೆ, ಅದರ ಪರಿಣಾಮ ತೀರಾ ಅಲ್ಪವಾದ್ದರಿಂದ ಕೈಬಿಡಬಹುದು. ಉಳಿದ H ಮತ್ತೆ ಸ್ಥಿರ, U ಮತ್ತೆ ಒಂದೇ ಘಾತದಲ್ಲಿ ಬರೆಯುವಷ್ಟು ಸರಳ. 64 ಸಾವಿರ ಸುತ್ತಿನ ಲೆಕ್ಕದ ಜಾಗದಲ್ಲಿ ಉಳಿಯುವುದು ಸ್ಪಿನ್ನನ್ನು ಬಾಗಿಸುವ ಒಂದೇ ಒಂದು ಕಾಲು ಸುತ್ತು.