ಸೋತರೂ ಒಳಗೆ, ಗೆದ್ದರೂ ಹೊರಗೆ

2024ರ ಮೇ 18ರ ರಾತ್ರಿ, ಚಿನ್ನಸ್ವಾಮಿ ಕ್ರೀಡಾಂಗಣ. ಮನೆಮಂದಿಯ ವಾಟ್ಸಾಪ್ ಗುಂಪಿಗೆ ಒಂದು ಸ್ಕ್ರೀನ್‌ಶಾಟ್ ಬಂತು ಎಂದುಕೊಳ್ಳಿ: RCB 218/5, CSK 184/6 (19). ಕೆಳಗೆ ಒಂದೇ ಪ್ರಶ್ನೆ, ‘ಈಗೇನಾಗುತ್ತೆ?’

ಕಾರ್ಡ್ ಹೇಳುವುದು ಅರ್ಧ ಕಥೆ: ಚೆನ್ನೈ ಗೆಲ್ಲಲು ಆರು ಎಸೆತಕ್ಕೆ 35 ರನ್. ಉಳಿದರ್ಧ ಅಂಕಪಟ್ಟಿಯಲ್ಲಿದೆ. ಚೆನ್ನೈಗೆ ಆಗಲೇ 14 ಅಂಕ. ಬೆಂಗಳೂರು ಗೆದ್ದರೆ ಅದಕ್ಕೂ ಅಷ್ಟೇ. ಆಗ ತೀರ್ಮಾನ ನೆಟ್ ರನ್‌ರೇಟಿನದು, ಅಂದರೆ ಇಡೀ ಲೀಗ್‌ನಲ್ಲಿ ತಂಡ ಓವರಿಗೆ ಗಳಿಸಿದ ಸರಾಸರಿ ರನ್ನಿನಿಂದ ಬಿಟ್ಟುಕೊಟ್ಟ ಸರಾಸರಿಯನ್ನು ಕಳೆದರೆ ಸಿಗುವ ಅಂಕಿ. ಪಂದ್ಯಕ್ಕೆ ಮುನ್ನ ಚೆನ್ನೈಯದು 0.528, ಬೆಂಗಳೂರಿನದು 0.387. ಈ ಅಂತರ ಅಳಿಯಲು ಬೆಂಗಳೂರು ಕನಿಷ್ಠ 18 ರನ್ನಿಂದ ಗೆಲ್ಲಬೇಕಿತ್ತು.

ಹಾಗಾಗಿ ನಿಜವಾದ ಗುರಿ 219 ಅಲ್ಲ, 201. ಕೊನೆಯ ಓವರಿನಲ್ಲಿ 17 ರನ್ ಬಂದರೆ ಚೆನ್ನೈ ಸೋತೂ ಪ್ಲೇಆಫ್‌ಗೆ. 16 ಬಂದರೆ ಮನೆಗೆ. ಎಷ್ಟು ವಿಕೆಟ್ ಉಳಿದಿವೆ ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಯಶ್ ದಯಾಳ್ ಎಸೆದ ಮೊದಲ ಚೆಂಡನ್ನೇ ಧೋನಿ ಸಿಕ್ಸರ್‌ಗೆ ಅಟ್ಟಿದರು. ಬೇಕಿದ್ದದ್ದು ಇನ್ನು ಬರೀ 11. ಮುಂದಿನ ಎಸೆತಕ್ಕೆ ಅವರು ಔಟ್. ಉಳಿದ ನಾಲ್ಕರಲ್ಲಿ ಬಂದದ್ದು ಒಂದೇ ರನ್.

ಚೆನ್ನೈ 191ಕ್ಕೆ ನಿಂತಿತು. 27 ರನ್ನಿಂದ ಗೆದ್ದ ಬೆಂಗಳೂರು ನಾಲ್ಕನೆಯ ತಂಡವಾಗಿ ಪ್ಲೇಆಫ್ ಸೇರಿತು.