ಅಪರಂಜಿಯ ದರದಿಂದ ಒಡವೆಯ ಬೆಲೆ

ಗೌರಿಬಿದನೂರಿನ ಚಿನ್ನದಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುವವನು. ಅಂಗಡಿಯ ಫಲಕದಲ್ಲಿ ಸಾಮಾನ್ಯವಾಗಿ 24 ಕ್ಯಾರಟ್ಟಿನ ಅಪರಂಜಿಯ ದರವೂ 22ರ ದರವೂ ಕಾಣುತ್ತವೆ. ಹರಳಿನ ಉಂಗುರಗಳಾದರೋ ಬಹುಮಟ್ಟಿಗೆ 18 ಅಥವಾ 14 ಕ್ಯಾರಟ್ಟಿನವು. ಹರಳನ್ನು ಬಿಗಿಯಾಗಿ ಹಿಡಿಯಲು ಗಟ್ಟಿಯಾದ ಲೋಹ ಬೇಕು. ಅವುಗಳ ದರವನ್ನು ಗಿರಾಕಿಯೇ ಕಂಡುಕೊಳ್ಳಬೇಕಾಗುತ್ತದೆ.

18 ಕ್ಯಾರಟ್ ಎಂದರೆ 24 ಪಾಲಿನಲ್ಲಿ 18 ಪಾಲು ಚಿನ್ನ. ಉಳಿದುದು ತಾಮ್ರ, ಬೆಳ್ಳಿ ಮುಂತಾದವುಗಳ ಬೆರಕೆ. ಸಾವಿರಕ್ಕೆ 750 ಆಯಿತು. ಹಾಲ್‌ಮಾರ್ಕ್ ಮುದ್ರೆಯಲ್ಲಿ ಕಾಣುವುದೂ ಅದೇ ಅಂಕಿ. 14ನ್ನು ಹೀಗೆಯೇ ಭಾಗಿಸಿದರೆ 583 ಚಿಲ್ಲರೆ ಬರುತ್ತದೆ, ಆದರೆ ಮುದ್ರೆ 585. ಮುದ್ರೆಯ ಅಂಕಿಯನ್ನೇ ಹಿಡಿಯುವುದು ಸರಿ.

ಲೆಕ್ಕ ಸುಲಭವಾಗಲೆಂದು ಅಪರಂಜಿಯ ದರ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ 18ರ ದರ 7,500, 14ರ ದರ 5,850. ಉಂಗುರದ ಒಟ್ಟು ತೂಕ 4.2 ಗ್ರಾಂ, ಅದರಲ್ಲಿರುವ ಹರಳು ಒಂದು ಕ್ಯಾರಟ್. ಇಲ್ಲಿ ಹೆಸರು ಒಂದೇ ಆದರೂ ಅರ್ಥ ಬೇರೆ: ಹರಳಿನ ಕ್ಯಾರಟ್ ಶುದ್ಧತೆಯಲ್ಲ, ತೂಕ, 0.2 ಗ್ರಾಂ. ಅದನ್ನು ಕಳೆದರೆ ಚಿನ್ನದ ತೂಕ 4 ಗ್ರಾಂ, 18ರ ದರದಲ್ಲಿ 30,000 ರೂಪಾಯಿ. ಹರಳನ್ನು ಕಳೆಯದೆ ತೂಗಿದರೆ ಕಲ್ಲಿಗೂ ಚಿನ್ನದ ಬೆಲೆ ಬಿದ್ದು, 1,500 ರೂಪಾಯಿ ಸದ್ದಿಲ್ಲದೆ ಏರುತ್ತದೆ. ಹರಳಿನ ಬೆಲೆಯಂತೂ ಬೇರೆ ಸಾಲಿನಲ್ಲಿ ಬಂದೇ ಬರುತ್ತದೆ.

ಚಿನ್ನದ ಬೆಲೆಯ ಮೇಲೆ ಸವಕಳಿ, ಕೂಲಿ ಸೇರಿ ನೂರಕ್ಕೆ 10 ಎಂದರೆ 3,000, ಹರಳಿಗೆ 2,000. ಒಟ್ಟು 35,000. ಇದರ ಮೇಲೆ ನೂರಕ್ಕೆ 3ರಂತೆ ಜಿಎಸ್‌ಟಿ 1,050. ಕೊಡಬೇಕಾದುದು 36,050 ರೂಪಾಯಿ. ಮುದ್ರೆ ಹಾಕಿಸಿದ ಅಲ್ಪ ಶುಲ್ಕವನ್ನು ಬಿಟ್ಟಿದ್ದೇನೆ.

ಅದೇ ತೂಕದ 14 ಕ್ಯಾರಟ್ ಉಂಗುರವಾದರೆ ಚಿನ್ನಕ್ಕೆ 23,400, ಸವಕಳಿ ಮತ್ತು ಕೂಲಿಗೆ 2,340, ಹರಳಿಗೆ 2,000. ತೆರಿಗೆ ಸೇರಿ 28,572 ರೂಪಾಯಿ 20 ಪೈಸೆ.

ನಾನು ಹೆಚ್ಚು ಎಚ್ಚರ ಹೇಳುವುದು ಸವಕಳಿಯ ಸಾಲಿನ ವಿಷಯದಲ್ಲಿ. ಅದನ್ನು ಆ ಒಡವೆಯ ದರದಲ್ಲೇ ಕಟ್ಟಬೇಕು. ಕೆಲವು ರಸೀದಿಗಳಲ್ಲಿ ಚಿನ್ನಕ್ಕೆ 18ರ ದರ ಹಿಡಿದು, ಸವಕಳಿಯನ್ನು ಮಾತ್ರ 22ರ ದರದಲ್ಲಿ ಕಟ್ಟಿರುತ್ತಾರೆ. ನಮ್ಮ ಉಂಗುರದಲ್ಲಿ 0.4 ಗ್ರಾಮಿಗೆ 3,000ದ ಬದಲು, 9,160ರ ದರದಲ್ಲಿ 3,664 ಆಗುತ್ತದೆ. ಶೇಕಡಾ ಅಂಕಿ ಅದೇ 10 ಆಗಿರುವುದರಿಂದ ಕಣ್ಣಿಗೆ ಬೀಳದು. ಮೊತ್ತವನ್ನು ತೂಕದಿಂದ ಭಾಗಿಸಿ ನೋಡಿದರೆ ತಿಳಿಯುತ್ತದೆ.

ಇನ್ನು ಮಾರುವ ದಿನದ ಮಾತು. ಕೂಲಿ, ತೆರಿಗೆ ಯಾವುದೂ ಹಿಂದಿರುಗದು. ಹರಳಿಗೂ ಸಿಗುವುದು ಕಡಿಮೆ. 18ರ ಉಂಗುರದಲ್ಲಿ ಅಪರಂಜಿ 3 ಗ್ರಾಂ, 14ರದರಲ್ಲಿ 2.34 ಗ್ರಾಂ. ಕೊಂಡ ದಿನದ ದರದಲ್ಲೇ ಮಾರಿದರೂ ಮೊದಲನೆಯದಕ್ಕೆ 30,000 ಮೀರದು, ಎರಡನೆಯದಕ್ಕೆ 23,400 ಮೀರದು. ಕರಗಿಸುವ ಕಡಿತ ಅದರೊಳಗಿಂದಲೇ ಹೋಗಬೇಕು.