ಆಟ ನಿಮ್ಮದು, ಹಾಡು ಯಾರದು?

ಮೊಬೈಲಿನಲ್ಲಿ ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ ಆಡುವ ಹುಡುಗನೊಬ್ಬ ಹತ್ತು ನಿಮಿಷದ ಆಟವನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಾನೆ ಎಂದುಕೊಳ್ಳಿ. ಆಡಿದ್ದು ಅವನೇ, ಮಾತೂ ಅವನದೇ. ಆದರೂ ವಿಡಿಯೊ ಮೇಲೆ ಕಾಪಿರೈಟ್ ಕ್ಲೇಮ್ ಬರುತ್ತದೆ. ಕಾರಣ ಆಟದೊಳಗಿನ ಕಾರಿನ ರೇಡಿಯೊ. ಅದರಲ್ಲಿ ಬರುವ ಹಾಡುಗಳು ಆಟಕ್ಕಾಗಿ ಮಾಡಿದವಲ್ಲ. ಬೇರೆ ಬೇರೆ ಸಂಗೀತ ಕಂಪನಿಗಳಿಂದ ಅನುಮತಿ ಪಡೆದು ಸೇರಿಸಿದವು. ಆ ಅನುಮತಿ ಇರುವುದು ಆಟದ ಕಂಪನಿಗೆ, ಅದೂ ಆಟದೊಳಗೆ ಬಳಸುವುದಕ್ಕೆ. ಅದಕ್ಕೂ ಅವಧಿ ಇರುತ್ತದೆ. ಅವಧಿ ಮುಗಿದ ಕೆಲವು ಹಾಡುಗಳನ್ನು 2014ರಲ್ಲಿ ಇದೇ ಆಟದ ಕಂಪ್ಯೂಟರ್ ಆವೃತ್ತಿಯಿಂದ ತೆಗೆದೇಬಿಟ್ಟರು. ಆಟ ಮಾಡಿದವರಿಗೇ ಇಷ್ಟು ಕಟ್ಟುಪಾಡು ಇರುವಾಗ ಆಡುವವರ ವಿಡಿಯೊಗೆ ಆ ಹಕ್ಕು ತಾನಾಗಿ ಬರುವುದಿಲ್ಲ.

ಹಾಡನ್ನು ಪತ್ತೆ ಹಚ್ಚುವುದು ಯೂಟ್ಯೂಬಿನ ‘ಕಂಟೆಂಟ್ ಐಡಿ’ ವ್ಯವಸ್ಥೆ. ಹಕ್ಕುದಾರರು ಕೊಟ್ಟ ಹಾಡುಗಳ ಮಾದರಿಯನ್ನು ಅದು ಪ್ರತಿ ವಿಡಿಯೊದ ಧ್ವನಿಯ ಜೊತೆ ಹೋಲಿಸಿ ನೋಡುತ್ತದೆ. ಗುಂಡಿನ ಸದ್ದಿನ ಹಿಂದೆ ಸಣ್ಣಗೆ ಕೇಳುವ ಹಾಡನ್ನೂ ಎಷ್ಟೋ ಸಲ ಹಿಡಿಯುತ್ತದೆ. ಹತ್ತು ಸೆಕೆಂಡಿಗಿಂತ ಕಡಿಮೆ ಇದ್ದರೆ ತೊಂದರೆಯಿಲ್ಲ, ಹಾಡಿನ ವೇಗ ಬದಲಿಸಿದರೆ ಸಾಕು, ವಿವರಣೆಯಲ್ಲಿ ‘ಹಾಡು ನನ್ನದಲ್ಲ’ ಎಂದು ಬರೆದರೆ ಸಾಕು ಎಂಬ ಮಾತುಗಳನ್ನು ನಂಬಬೇಡಿ. ಇಂಥ ನಿಯಮ ಯಾವುದೂ ಇಲ್ಲ.

ಫೋನಿನ ಸ್ಕ್ರೀನ್ ರೆಕಾರ್ಡರ್ ಸಾಮಾನ್ಯವಾಗಿ ಎಲ್ಲ ಧ್ವನಿಯನ್ನೂ ಬೆರೆಸಿ ಒಂದೇ ಟ್ರ್ಯಾಕ್ ಮಾಡಿಬಿಡುತ್ತದೆ. ಎಂಜಿನ್ ಸದ್ದು, ರೇಡಿಯೊ ಹಾಡು, ನಿಮ್ಮ ಮಾತು ಒಮ್ಮೆ ಬೆರೆತವೆಂದರೆ ಹಾಡನ್ನಷ್ಟೇ ಶುದ್ಧವಾಗಿ ತೆಗೆಯುವುದು ಕಷ್ಟ. ಹಾಗಾಗಿ ಹಾಡನ್ನು ಆಟದಲ್ಲೇ ನಿಲ್ಲಿಸಬೇಕು. ಆಟದ ಧ್ವನಿ ಸೆಟ್ಟಿಂಗಿಗೆ ಹೋಗಿ ರೇಡಿಯೊ ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಎಫೆಕ್ಟ್ಸ್ ವಾಲ್ಯೂಮನ್ನು ಹಾಗೇ ಬಿಡಿ. ಟೈರು ಕಿರುಗುಟ್ಟುವುದು, ಗುಂಡು ಹಾರುವುದು ಎಲ್ಲ ಉಳಿಯುತ್ತದೆ, ಆಟದ ಜೀವ ಹೋಗುವುದಿಲ್ಲ. ಬೇರೆ ಆಟಗಳಲ್ಲೂ ಸಂಗೀತಕ್ಕೂ ಎಫೆಕ್ಟ್ಸಿಗೂ ಬಹುಮಟ್ಟಿಗೆ ಬೇರೆ ಬೇರೆ ಸ್ಲೈಡರ್ ಇರುತ್ತವೆ.

ಮುಂದಿನದು ಮೈಕ್. ಆಂಡ್ರಾಯ್ಡ್ 11ರಿಂದೀಚೆಗಿನ ಎಷ್ಟೋ ಫೋನುಗಳ ರೆಕಾರ್ಡರಿನಲ್ಲಿ Device audio ಮತ್ತು Microphone ಎಂಬ ಆಯ್ಕೆಗಳಿವೆ. ಮೊದಲನೆಯದು ಫೋನಿನೊಳಗಿನ ಧ್ವನಿಯನ್ನಷ್ಟೇ ತೆಗೆದುಕೊಳ್ಳುತ್ತದೆ. ಆದರೆ ಹಿಂದೆ ಬೇರೆ ಆ್ಯಪಿನಲ್ಲಿ ಹಾಡು ಓಡುತ್ತಿದ್ದರೆ ಅದೂ ಸೇರಬಹುದು. ಎರಡನೆಯದನ್ನು ಆರಿಸಿದರೆ ಪಕ್ಕದ ಕೋಣೆಯ ಟಿವಿಯ ಸಿನಿಮಾ ಹಾಡು, ಬೀದಿಯ ಆರ್ಕೆಸ್ಟ್ರಾ ಎಲ್ಲವೂ ಒಳಗೆ ಬರುತ್ತವೆ. ತಂಡವಾಗಿ ಆಡುವಾಗ ಗೆಳೆಯನ ಮೈಕಿನಿಂದಲೂ ಹಾಡು ಬರುವುದುಂಟು. ಆದ್ದರಿಂದ ಆಟದ ಧ್ವನಿಯನ್ನು ಮಾತ್ರ ರೆಕಾರ್ಡ್ ಮಾಡಿ, ನಿಮ್ಮ ಕಾಮೆಂಟರಿಯನ್ನು ಆಮೇಲೆ ನಿಶ್ಶಬ್ದವಾದ ಕಡೆ ಕೂತು ಬೇರೆ ಫೈಲಾಗಿ ಮಾಡಿಕೊಂಡು ಎಡಿಟಿಂಗ್ ಆ್ಯಪಿನಲ್ಲಿ ಜೋಡಿಸಿ. ಕೆಲಸ ಕೊಂಚ ಹೆಚ್ಚುತ್ತದೆ, ಆದರೆ ಒಂದು ಟ್ರ್ಯಾಕ್ ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಪೂರ್ತಿ ಆಡುವ ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳಿ. ಕಾರು ಹತ್ತಿದ ಕೂಡಲೇ ಹಾಡು ಬಾರದಿದ್ದರೆ ಸರಿಯಾಗಿದೆ.

ಹಿನ್ನೆಲೆಗೆ ಸಂಗೀತ ಬೇಕೇಬೇಕೆಂದರೆ ಯೂಟ್ಯೂಬ್ ಸ್ಟುಡಿಯೊದ Audio libraryಯಿಂದ ಇಳಿಸಿಕೊಳ್ಳಿ. ಅಲ್ಲಿನ ಕೆಲವು ಹಾಡುಗಳಿಗೆ ಸಂಗೀತಗಾರರ ಹೆಸರನ್ನು ವಿವರಣೆಯಲ್ಲಿ ಬರೆಯಬೇಕು. ಯಾವುದಕ್ಕೆ ಎಂಬುದು ಆ ಹಾಡಿನ ಲೈಸೆನ್ಸಿನಲ್ಲೇ ಇರುತ್ತದೆ. ಯಾರದೋ ಚಾನೆಲಿನಲ್ಲಿ ‘ನೋ ಕಾಪಿರೈಟ್’ ಎಂದಿದ್ದ ಮಾತ್ರಕ್ಕೆ ಹಾಡನ್ನು ಎತ್ತಿಕೊಳ್ಳುವುದು ಸರಿಯಲ್ಲ. ಹಾಡಿನ ಮಾಲೀಕರು ಬೇರೆಯೇ ಇರಬಹುದು.

ಅಪ್‌ಲೋಡ್ ಮಾಡುವಾಗ ಕಂಪ್ಯೂಟರಿನಲ್ಲಿ Checks ಎಂಬ ಹಂತ ಬರುತ್ತದೆ. ವಿಡಿಯೊವನ್ನು ಮೊದಲು Private ಇಟ್ಟು, ಈ ಪರಿಶೀಲನೆ ಮುಗಿಯಲು ಬಿಡಿ. ಹಾಡು ಸಿಕ್ಕಿದ್ದರೆ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಎಂಬುದನ್ನೂ ತೋರಿಸುತ್ತದೆ. ನಮ್ಮ ಹುಡುಗನಿಗೆ 4:10ರಿಂದ 4:52ರವರೆಗೆ ರೇಡಿಯೊ ಹಾಡು ಎಂದು ಬಂದರೆ ಮೂರು ದಾರಿಗಳಿವೆ: ಆ 42 ಸೆಕೆಂಡು ಕತ್ತರಿಸುವುದು, ಹಾಡು ಬದಲಿಸುವುದು, ಇಲ್ಲವೇ ಮ್ಯೂಟ್ ಮಾಡುವುದು. ಅಲ್ಲಿ ಆಟದ ಮುಖ್ಯ ಘಟ್ಟವಿಲ್ಲದಿದ್ದರೆ ನಾನಂತೂ ಕತ್ತರಿಸಲು ಹೇಳುತ್ತೇನೆ, ಏಕೆಂದರೆ ಮ್ಯೂಟ್ ಮಾಡಿದರೆ ಅವನ ಮಾತೂ ಹಾಡಿನ ಜೊತೆ ಹೋಗಬಹುದು.

ಪ್ರಕಟಿಸಿ ಎಷ್ಟೋ ದಿನಗಳ ಮೇಲೂ ಕ್ಲೇಮ್ ಬರಬಹುದು. ಆಗ ಗಾಬರಿ ಬೇಡ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮಿನಿಂದ ಸಾಮಾನ್ಯವಾಗಿ ಜಾಹೀರಾತಿನ ಹಣ ಹಾಡಿನ ಮಾಲೀಕರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೊ ಕಾಣಿಸದಂತಾಗುತ್ತದೆ. 90 ದಿನಗಳೊಳಗೆ ಮೂರು ಸ್ಟ್ರೈಕ್ ಬಂದರೆ ಚಾನೆಲೇ ಹೋಗಬಹುದು. ವಿಡಿಯೊ ಅಳಿಸದೆ ಸ್ಟುಡಿಯೊದಲ್ಲೇ ಆ ಭಾಗ ತೆಗೆದರೆ ಲಿಂಕ್ ಬದಲಾಗುವುದಿಲ್ಲ, ವೀಕ್ಷಣೆಯ ಲೆಕ್ಕವೂ ಉಳಿಯುತ್ತದೆ. ಲೈಸೆನ್ಸ್ ನಿಮ್ಮ ಕೈಯಲ್ಲಿದ್ದರೆ Dispute ಒತ್ತಿ; ಉತ್ತರಿಸಲು ಎದುರಿನವರಿಗೆ 30 ದಿನ ಸಮಯವಿರುತ್ತದೆ. ಹಕ್ಕಿಲ್ಲದೆ ಒತ್ತಿದರೆ ಅವರು ವಿಡಿಯೊ ತೆಗೆಸಲು ಕೋರಬಹುದು, ಆಗ ಕ್ಲೇಮಿನಲ್ಲಿ ಮುಗಿಯಬೇಕಾದದ್ದು ಸ್ಟ್ರೈಕ್ ಆಗಿಬಿಡುತ್ತದೆ.